ಸಂಧಿಯ ಹೆಸರಷ್ಟೇ ಸಾಲದು, ಸೂತ್ರವನ್ನೂ ಬರೆಸಿ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಆಗಾಗ ಬರುವ ಕನ್ನಡ ವ್ಯಾಕರಣದ ಅಭ್ಯಾಸ ಹಾಳೆಗಳನ್ನು ನಾನು ತಪ್ಪದೆ ನೋಡುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ಆ ಚಟ ಬಿಡುವುದಿಲ್ಲ. ಅವುಗಳ ಉತ್ತರದ ಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ಅದಕ್ಕೆ ಮೊದಲು ಹೋದ ವಾರ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಬೇಕು.

ಒಂಬತ್ತನೇ ತರಗತಿಯ ಮೊಮ್ಮಗಳು ಶಾಲೆಯಿಂದ ಸಂಧಿಯ ಹಾಳೆಯೊಂದನ್ನು ತಂದಿದ್ದಳು. ಇಪ್ಪತ್ತು ಪದಗಳನ್ನು ಬಿಡಿಸಿ ಸಂಧಿ ಹೆಸರಿಸುವ ಕೆಲಸ. "ಹೂವನ್ನು" ಎಂಬುದರ ಎದುರು ಅವಳು "ಹೂವು + ಅನ್ನು, ಲೋಪಸಂಧಿ" ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು ಬಿದ್ದಿತ್ತು, ಪಕ್ಕದಲ್ಲಿ "ಆಗಮ" ಎಂಬ ಮೂರೇ ಅಕ್ಷರ. "ಹೂವು ಅನ್ನೋದು ಪದ ಅಲ್ವಾ ತಾತ?" ಎಂದು ಕೇಳಿದಳು. ಪದವೇ. ಅವಳ ಉತ್ತರವೂ ಸರಿಯೇ. ಉತ್ತರದ ಪಟ್ಟಿ ಬರೆದವರು "ಹೂ + ಅನ್ನು" ಎಂದು ಬಿಡಿಸಿಕೊಂಡಿದ್ದರು, ಆಗ ಆಗಮವೂ ಸರಿಯೇ. ಎರಡು ಸರಿಗಳ ನಡುವೆ ಮಗುವಿನ ಒಂದು ಅಂಕ ಹೋಯಿತು. ಅಂಕ ಹೋದರೆ ಹೋಗಲಿ, ತಾನು ಯಾಕೆ ತಪ್ಪು ಎಂಬುದು ಮಾತ್ರ ಅವಳಿಗೆ ತಿಳಿಯಲೇ ಇಲ್ಲ, ಏಕೆಂದರೆ ಸೂತ್ರವನ್ನು ಅವಳೂ ಬರೆದಿರಲಿಲ್ಲ, ತಿದ್ದಿದವರೂ ಬರೆದಿರಲಿಲ್ಲ.

ಸೂತ್ರ ಬರೆಯುವುದೆಂದರೆ ಪಠ್ಯಪುಸ್ತಕದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಕಕ್ಕುವುದಲ್ಲ. ಯಾವ ಅಕ್ಷರಕ್ಕೆ ಯಾವ ಅಕ್ಷರ ಎದುರಾಯಿತು, ಅಲ್ಲಿ ಏನಾಯಿತು ಎಂದು ಒಂದು ಸಾಲಿನಲ್ಲಿ ಹೇಳುವುದು. ನಾನು ತರಗತಿಯಲ್ಲಿ ಇದಕ್ಕೆ ಎಣಿಕೆ ಮಾಡಿಸುತ್ತಿದ್ದೆ. ಪದವನ್ನು ಗುಣಿತಾಕ್ಷರವಾಗಿ ನೋಡದೆ ಸ್ವರ, ವ್ಯಂಜನ ಬೇರೆ ಮಾಡಿ ಬಿಡಿಬಿಡಿಯಾಗಿ ಬರೆಯಬೇಕು. "ಊರು + ಅನ್ನು" ಎಂದರೆ ಊ, ರ್, ಉ, ಆಮೇಲೆ ಅ, ನ್, ನ್, ಉ. ಒಟ್ಟು ಏಳು. "ಊರನ್ನು" ಎಂಬುದರಲ್ಲಿ ಊ, ರ್, ಅ, ನ್, ನ್, ಉ. ಆರು. ಒಂದು ಕಳೆದುಹೋಯಿತು, ಕಳೆದದ್ದು ಮೊದಲ ಪದದ ಕೊನೆಯ ಉಕಾರ. ಅದು ಹೋದರೂ ಊರು ಎಂಬ ಅರ್ಥ ಕೆಡಲಿಲ್ಲ. ಹಾಗಾಗಿ ಲೋಪ.

"ಗುರು + ಅನ್ನು" ತೆಗೆದುಕೊಳ್ಳಿ. ಗ್, ಉ, ರ್, ಉ ನಾಲ್ಕು, ಅ, ನ್, ನ್, ಉ ನಾಲ್ಕು, ಒಟ್ಟು ಎಂಟು. "ಗುರುವನ್ನು" ಬಿಡಿಸಿದರೆ ಒಂಬತ್ತು. ಎರಡು ಪದಗಳಲ್ಲೂ ಇಲ್ಲದ ಒಂದು ವಕಾರ ಹೊಸದಾಗಿ ಬಂದು ಕೂತಿದೆ. ಆಗಮ. ಇನ್ನು "ಮಳೆ + ಕಾಲ" ಎಂಟು, "ಮಳೆಗಾಲ"ವೂ ಎಂಟು. ಕಳೆದದ್ದೂ ಇಲ್ಲ, ಬಂದದ್ದೂ ಇಲ್ಲ, ಕಕಾರ ಇದ್ದ ಜಾಗದಲ್ಲಿ ಗಕಾರ. ಆದೇಶ. ಒಂದು ಕಡಿಮೆ, ಒಂದು ಹೆಚ್ಚು, ಸಮ. ಇಷ್ಟು ಗೊತ್ತಾದರೆ ಕನ್ನಡದ ಮೂರು ಸಂಧಿಗಳು ಹಿಂದಿನ ಬೆಂಚಿನವರಿಗೂ ಕೈವಶವಾಗುತ್ತಿದ್ದವು.

ಈಗ ಹೂವಿಗೆ ಬರೋಣ. "ಹೂವನ್ನು" ಎಂಬುದರಲ್ಲಿ ಏಳು ಅಕ್ಷರ. "ಹೂ + ಅನ್ನು" ಎಂದು ಬಿಡಿಸಿದರೆ ಎರಡು ಮತ್ತು ನಾಲ್ಕು, ಆರು. ಆರು ಏಳಾಯಿತು, ವಕಾರ ಬಂತು, ಆಗಮ. "ಹೂವು + ಅನ್ನು" ಎಂದು ಬಿಡಿಸಿದರೆ ನಾಲ್ಕು ಮತ್ತು ನಾಲ್ಕು, ಎಂಟು. ಎಂಟು ಏಳಾಯಿತು, ಉಕಾರ ಹೋಯಿತು, ಲೋಪ. ಸಂಧಿಯ ಹೆಸರು ಕೂಡಿದ ಪದಕ್ಕೆ ಅಂಟಿಕೊಂಡಿರುವುದಿಲ್ಲ, ಬಿಡಿಸಿದ ಬಗೆಗೆ ಅಂಟಿಕೊಂಡಿರುತ್ತದೆ. ಮಗು ಸೂತ್ರ ಬರೆದಿದ್ದರೆ ತಿದ್ದುವವರ ಕಣ್ಣಿಗೆ ಇದು ಬೀಳದೇ ಇರುತ್ತಿರಲಿಲ್ಲ.

"ಮಧ್ಯೆ ವಕಾರ ಕಂಡರೆ ಆಗಮ" ಎಂಬ ಅಡ್ಡದಾರಿಯನ್ನು ಮಕ್ಕಳಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಅದು "ಹಾವನ್ನು", "ನೋವನ್ನು" ಎಂಬಲ್ಲಿ ಕೈಕೊಡುತ್ತದೆ. ಹಾವು, ನೋವು ಎಂಬುವೇ ಪದಗಳು, ವಕಾರ ಅವುಗಳದ್ದೇ ಸ್ವತ್ತು. "ಹಾ + ಅನ್ನು" ಎಂದು ಬಿಡಿಸಿದರೆ ಮೊದಲ ತುಂಡಿಗೆ ಅರ್ಥವಿಲ್ಲ. ಇಲ್ಲಿ ಲೋಪ ಒಂದೇ ಉತ್ತರ. ಹೂವಿಗೆ ಎರಡು ಉತ್ತರ ಇರುವುದು ಹೂ, ಹೂವು ಎರಡೂ ಬಳಕೆಯಲ್ಲಿರುವುದರಿಂದ ಮಾತ್ರ.

ಚುರುಕಾದ ಮಕ್ಕಳು ಮುಂದಿನ ಪ್ರಶ್ನೆ ಕೇಳುತ್ತಾರೆ. ಊರು, ಗುರು ಎರಡೂ ಉಕಾರದಲ್ಲೇ ಮುಗಿಯುತ್ತವೆ, ಎದುರಿಗೆ ಬಂದದ್ದು ಅದೇ "ಅನ್ನು". ಒಂದರಲ್ಲಿ ಉಕಾರ ಬಿಟ್ಟುಹೋಗಿ ಇನ್ನೊಂದರಲ್ಲಿ ಉಳಿಯುವುದೇಕೆ? "ಅರ್ಥ ಕೆಡುತ್ತದೆ" ಎಂದು ಪಠ್ಯ ಹೇಳುತ್ತದೆ. ಸರಿ, "ಗುರನ್ನು" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಆದರೆ ಮೊದಲೇ ಕನ್ನಡ ಬಲ್ಲವರಿಗಷ್ಟೇ ಆ ಕಾರಣ ಹೊಳೆಯುತ್ತದೆ. ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಗು ಏನು ಮಾಡಬೇಕು?

ಹಳಗನ್ನಡದಲ್ಲಿ ಊರು ಎಂಬುದು "ಊರ್", ಕಲ್ಲು "ಕಲ್", ಕಣ್ಣು "ಕಣ್". ಕೊನೆಯ ಉಕಾರ ಉಚ್ಚಾರದ ಅನುಕೂಲಕ್ಕೆ ಆಮೇಲೆ ಸೇರಿಕೊಂಡದ್ದು. ಹೊರಗಿನಿಂದ ಬಂದ ನೆಂಟ ಇನ್ನೊಂದು ಸ್ವರ ಬಂದ ಕೂಡಲೇ ಎದ್ದುಹೋಗುತ್ತಾನೆ. ಗುರು, ಶತ್ರು, ವಸ್ತು, ಸಾಧು ಸಂಸ್ಕೃತದಿಂದ ಬಂದವು, ಅವುಗಳ ಉಕಾರ ಹುಟ್ಟಿನಿಂದಲೇ ಇರುವಂಥದ್ದು, ಅಲುಗುವುದಿಲ್ಲ. ಅಚ್ಚಗನ್ನಡದ ನಾಮಪದಗಳಿಗೆ ನಾನು ಹೇಳುತ್ತಿದ್ದ ಗುರುತು ಬೇರೆ: ಉಕಾರದ ಅಕ್ಷರಕ್ಕೆ ಮುಂಚೆ ಒಂದೇ ಒಂದು ಹ್ರಸ್ವಾಕ್ಷರ ಇದ್ದರೆ ಉಕಾರ ಉಳಿಯುತ್ತದೆ. ಮಗುವನ್ನು, ಕರುವನ್ನು, ಮಡುವನ್ನು. ಮುಂಚಿನದು ದೀರ್ಘವಾಗಿದ್ದರೆ, ಒತ್ತಕ್ಷರ ಬಂದಿದ್ದರೆ, ಇಲ್ಲವೇ ಪದ ಇನ್ನೂ ಉದ್ದವಿದ್ದರೆ ಉಕಾರ ಬಿದ್ದುಹೋಗುತ್ತದೆ. ಕಾಡನ್ನು, ಹಣ್ಣನ್ನು, ಹೆಸರನ್ನು, ಕಡಲನ್ನು. "ಅದು", "ಇದು" ಎಂಬ ಸರ್ವನಾಮಗಳು ಈ ಗುರುತಿಗೆ ಜಗ್ಗುವುದಿಲ್ಲ, "ಅದನ್ನು" ಎಂದೇ ಆಗುತ್ತವೆ. ಕ್ರಿಯಾಪದಕ್ಕಂತೂ ಇದನ್ನು ಹಚ್ಚಲೇಬಾರದು, "ಕೊಡು + ಇ" ಎಂಬುದು "ಕೊಡಿ". ಗುರುತು ಗುರುತೇ ಹೊರತು ಸೂತ್ರವಲ್ಲ, ಆದರೂ ಹಾಳೆಯಲ್ಲಿ ಬರುವ ಪದಗಳಿಗೆ ಬಹುಮಟ್ಟಿಗೆ ಒದಗುತ್ತದೆ.

ಹಾಳೆಯಲ್ಲಿ ಕನ್ನಡ ಸಂಧಿ, ಸಂಸ್ಕೃತ ಸಂಧಿ ಎರಡನ್ನೂ ಕಲಸಿ ಕೊಟ್ಟಾಗ ಮಾತ್ರ ಬರೀ ಎಣಿಕೆಯನ್ನು ನಂಬಿ ಕೂರುವಂತಿಲ್ಲ. ಮೊಮ್ಮಗಳ ಹಾಳೆಯಲ್ಲೂ ಹಾಗೇ ಕಲಸಿದ್ದರು. ಅವಳಿಗೆ ಮನವರಿಕೆ ಮಾಡಲು ಗುರು ಎಂಬ ಒಂದೇ ಪದವನ್ನು ಹಿಡಿದು ಕೂತೆ. "ಗುರು + ಅನ್ನು" ಗುರುವನ್ನು ಆಯಿತು. "ಗುರು + ಆಜ್ಞೆ" ಗುರ್ವಾಜ್ಞೆ. "ಗುರು + ಉಪದೇಶ" ಗುರೂಪದೇಶ. ಮೊದಲ ಎರಡರಲ್ಲೂ ವಕಾರ ಇದೆ. "ಎರಡೂ ಆಗಮ" ಎಂದಳು. ಎಣಿಸು ಎಂದೆ. ಗುರುವನ್ನು ಎಂಬಲ್ಲಿ ಎಂಟು ಒಂಬತ್ತಾಗಿದೆ, ಗುರ್ವಾಜ್ಞೆಯಲ್ಲಿ ಎಂಟು ಎಂಟೇ ಆಗಿದೆ. ಮೊದಲನೆಯದರಲ್ಲಿ ಉಕಾರವೂ ಇದೆ, ವಕಾರವೂ ಇದೆ. ಎರಡನೆಯದರಲ್ಲಿ ಉಕಾರವೇ ವಕಾರವಾಗಿ ಬದಲಾಗಿದೆ, ಅದಕ್ಕೇ ರಕಾರ ವಕಾರದೊಡನೆ ಒತ್ತಕ್ಷರವಾಗಿ ಕೂಡಿದ್ದು. ಇದು ಯಣ್ ಸಂಧಿ. "ಕವಿಯನ್ನು" ಮತ್ತು "ಅತ್ಯಂತ" ಎಂಬುವುಗಳ ಯಕಾರಕ್ಕೂ ಇದೇ ವ್ಯತ್ಯಾಸ. ಗುರೂಪದೇಶದಲ್ಲಿ ಎರಡು ಉಕಾರ ಕೂಡಿ ಒಂದು ಊಕಾರ ಆಗಿದೆ, ಸವರ್ಣದೀರ್ಘ.

ಎಣಿಕೆ ಪೂರಾ ಸೋಲುವ ಜಾಗವೂ ಒಂದಿದೆ, ಅದನ್ನು ಮುಚ್ಚಿಡಬಾರದು. "ದೇವ + ಆಲಯ" ದೇವಾಲಯ. ಒಂದು ಸ್ವರ ಕಡಿಮೆಯಾಗಿದೆ, ಉಳಿದಿರುವ ಆಕಾರ ಎರಡನೇ ಪದದ್ದೇ. ಲೋಪಸಂಧಿಯ ಲಕ್ಷಣವೆಲ್ಲ ಇದೆಯಲ್ಲ ಎಂದು ಮಗು ಕೇಳಿದರೆ ಕಣ್ಣಿಗೆ ಕಾಣುವುದರಲ್ಲಿ ಉತ್ತರವಿಲ್ಲ. ಎರಡೂ ಸಂಸ್ಕೃತ ಪದಗಳು, ಆದ್ದರಿಂದ ಸಂಸ್ಕೃತದ ನಿಯಮ: ಅಕಾರಕ್ಕೆ ಆಕಾರ ಎದುರಾಗಿ ಎರಡರ ಬದಲು ಒಂದು ದೀರ್ಘ ಬಂದಿದೆ. ಹೀಗಾಗಿ ಕಲಸಿದ ಹಾಳೆಯಲ್ಲಿ ಮೊದಲು ಕೇಳಿಕೊಳ್ಳಬೇಕಾದ್ದು ಎರಡೂ ತುಂಡು ಸಂಸ್ಕೃತವೇ ಎಂದು. ಹೌದಾದರೆ ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಮೊದಲಾದವುಗಳಲ್ಲಿ ಹುಡುಕಬೇಕು. "ಅನ್ನು", "ಇಂದ", "ಅಲ್ಲಿ", "ಇಲ್ಲ", "ಎಂದು" ಇಂಥ ಕನ್ನಡದ ತುಂಡು ಒಂದಿದ್ದರೂ ಸಾಕು, ಎಣಿಕೆಗೆ ಇಳಿಯಬಹುದು.

ಬಿಡಿಸುವಾಗ ಆಗುವ ಇನ್ನೊಂದು ಎಡವಟ್ಟು ಆದೇಶದಲ್ಲಿ. "ಬೆಟ್ಟದಾವರೆ"ಯನ್ನು ನನ್ನ ವಿದ್ಯಾರ್ಥಿಯೊಬ್ಬ "ಬೆಟ್ಟದ + ಆವರೆ" ಎಂದು ಬಿಡಿಸಿ ಲೋಪ ಎಂದಿದ್ದ. ಆವರೆ ಎಂದರೇನಪ್ಪ ಎಂದು ಕೇಳಿದರೆ "ಅವರೆಕಾಯಿ ಇರಬೇಕು ಸಾರ್" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅವನ ಎಣಿಕೆ ಸರಿಯಾಗಿಯೇ ಇತ್ತು, ತಪ್ಪಿದ್ದು ತುಂಡಿಗೆ ಅರ್ಥವಿದೆಯೇ ಎಂದು ನೋಡದೇ ಇದ್ದದ್ದರಲ್ಲಿ. "ಬೆಟ್ಟ + ತಾವರೆ, ಎರಡನೇ ಪದದ ಮೊದಲ ತಕಾರಕ್ಕೆ ದಕಾರ ಬಂದಿದೆ" ಎಂದು ಬರೆಯುವ ಅಭ್ಯಾಸವಿದ್ದಿದ್ದರೆ ತಾವರೆ ಎಂಬ ಪದ ಅವನಿಗೆ ತಾನಾಗಿ ಸಿಗುತ್ತಿತ್ತು.

ಆದ್ದರಿಂದ ಸಂಪಾದಕರೇ, ನಿಮ್ಮ ಪುಟದ ಉತ್ತರದ ಪಟ್ಟಿಯಲ್ಲಿ "ಊರನ್ನು: ಲೋಪ" ಎಂದು ಮುಗಿಸಬೇಡಿ. "ಊರು + ಅನ್ನು. ಉಕಾರದ ಮುಂದೆ ಅಕಾರ ಬಂದು, ಅರ್ಥ ಕೆಡದೆ ಉಕಾರ ಬಿಟ್ಟುಹೋಗಿದೆ. ಲೋಪಸಂಧಿ" ಎಂದು ಹಾಕಿಸಿ. ಜಾಗ ಸಾಲದು ಎನ್ನುವಿರಾದರೆ ಇಪ್ಪತ್ತು ಪದಗಳ ಬದಲು ಎಂಟು ಕೊಡಿ. ಮುಂದಿನ ಸಲ ಹೂವನ್ನು ಕೊಡುವುದಾದರೆ ಎರಡೂ ಉತ್ತರ ಅಚ್ಚಾಗಲಿ. ಮೊಮ್ಮಗಳು ಅದನ್ನು ಕತ್ತರಿಸಿ ಶಾಲೆಗೆ ಒಯ್ಯುವುದಾಗಿ ಈಗಲೇ ಹೇಳಿದ್ದಾಳೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕ
ಅರಸೀಕೆರೆ