ಗೆಳೆಯನಿಗೊಂದು ಪತ್ರ: ಡೆಮೊ ನೋಡಿದ ವಖಾರಿಯವರು ಸುಮ್ಮನಾದರೆ

ಶಿರಸಿ

ಗೆಳೆಯಾ,

ನೀನು ವಖಾರಿಯವರಿಗೆ ಕಳಿಸಿದ, ಉತ್ತರವೇ ಬಾರದ ಮೂರೂ ಮೇಲ್‌ಗಳನ್ನು ಓದಿದೆ. ನಿನ್ನ ಸಾಫ್ಟ್‌ವೇರ್‌ನ ಡೆಮೊ ದಿನ ಆ ಅಡಿಕೆ ವಖಾರಿಯಲ್ಲಿ ನಾನೂ ನಿನ್ನ ಪಕ್ಕದಲ್ಲೇ ಕೂತಿದ್ದೆನಲ್ಲ, ಹಾಗಾಗಿ ಸ್ವಲ್ಪ ಅಧಿಕಪ್ರಸಂಗ ಮಾಡುತ್ತೇನೆ, ಬೇಜಾರಾಗಬೇಡ ಮಾರಾಯ.

ಮೊದಲನೇ ಮೇಲ್‌ನಲ್ಲಿ "ಡೆಮೊ ಹೇಗನ್ನಿಸಿತು ತಿಳಿಸಿ" ಅಂದಿದ್ದೀಯ. ಎರಡನೆಯದರಲ್ಲಿ "ಸುಮ್ನೆ ನೆನಪಿಸೋಣ ಅಂತ ಬರೆದೆ". ಮೂರನೆಯದರಲ್ಲಿ ಯಾರೂ ಕೇಳದೆ ನೂರಕ್ಕೆ ಹದಿನೈದು ಕಡಿಮೆ ಮಾಡಿದ್ದೀಯ. ಆ ಸೋಡಿ ನನಗೆ ಸರಿ ಕಾಣಲಿಲ್ಲ. ಅವತ್ತು ರೇಟಿನ ಬಗ್ಗೆ ಅಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಕೇಳದೆಯೇ ಇಳಿಸಿದರೆ, ಮೊದಲು ಹೇಳಿದ್ದೇ ಜಾಸ್ತಿ ಇತ್ತು ಅಂತ ಯಜಮಾನರು ತಿಳಿಯುತ್ತಾರೆ. ದಿನಾ ಟೆಂಡರ್‌ನಲ್ಲಿ ರೇಟು ಬರೆಯುವವರು ಅವರು. ಇನ್ನೂ ಸ್ವಲ್ಪ ಕಾಯೋಣ, ಇನ್ನೂ ಇಳಿಯುತ್ತಾನೆ ಅಂದುಕೊಂಡರೆ ತಪ್ಪೇನು?

ಅವರು ಸುಮ್ಮನಾದದ್ದಕ್ಕೆ ಒಂದು ಕಾರಣ ಊರಿನದು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಈ ಸಲ ಅದು ಬಂತು. ಜಾತ್ರೆ ಮುಗಿಯುವಷ್ಟರಲ್ಲಿ ಚಾಲಿ ಅಡಿಕೆ ಬರುವ ಕಾಲ, ಜೊತೆಗೆ ಮಾರ್ಚ್ 31ರ ಲೆಕ್ಕ ಮುಗಿಸುವ ಗಡಿಬಿಡಿ. ಈ ದಿನಗಳಲ್ಲಿ ಹೊಸ ಸಾಫ್ಟ್‌ವೇರ್ ಬಗ್ಗೆ ಕೂತು ಮಾತಾಡಲು ಯಾರಿಗೆ ಪುರುಸೊತ್ತು? ಇಷ್ಟೇ ಆಗಿದ್ದರೆ ಕಾದರೆ ಸಾಕಿತ್ತು.

ಎರಡನೇ ಕಾರಣ ಆ ಗುಮಾಸ್ತರು. ನೀನು ಪೂರ್ತಿ ಡೆಮೊ ಯಜಮಾನರ ಮಗನ ಕಡೆಗೇ ತಿರುಗಿ ಮಾಡಿದೆ. ಅವನು ಮೊಬೈಲ್‌ನಲ್ಲಿ ಬರುವ ಸ್ಟಾಕ್ ವರದಿ ನೋಡಿ ಖುಷಿಯಾದ. ಗುಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: "ಬೆಳೆಗಾರರು ಮುಂಗಡ ತಗೊಂಡಿರ್ತಾರೆ, ಅಡಿಕೆ ಎರಡು ಮೂರು ಸಲಕ್ಕೆ ಮಾರಾಟ ಆಗುತ್ತೆ, ಆವಾಗ ಬಡ್ಡಿ ಹೇಗೆ?" ನೀನು "ಅದೂ ಆಗುತ್ತೆ ಸರ್, ಆಮೇಲೆ ತೋರಿಸ್ತೀನಿ" ಅಂತ ಮುಂದಿನ ಸ್ಕ್ರೀನಿಗೆ ಹೋದೆ. ಅವರು ಕನ್ನಡಕ ತೆಗೆದು ಖಾತೆ ಪುಸ್ತಕದ ಮೇಲಿಟ್ಟರು, ಆಮೇಲೆ ಮಾತೇ ಆಡಲಿಲ್ಲ. ಯಜಮಾನರು ಅವರ ಮುಖವನ್ನೇ ನೋಡುತ್ತಿದ್ದರು. ಆ ಪ್ರಶ್ನೆಗೆ ನಿನ್ನ ಮೂರು ಮೇಲ್‌ನಲ್ಲೂ ಉತ್ತರ ಇಲ್ಲ.

ಅದು ಎಷ್ಟು ದೊಡ್ಡ ಪ್ರಶ್ನೆ ಅಂತ ಲೆಕ್ಕ ಹಾಕಿ ನೋಡೋಣ. ಒಬ್ಬ ಬೆಳೆಗಾರ 60,000 ಮುಂಗಡ ತಗೊಂಡ, ಬಡ್ಡಿ ತಿಂಗಳಿಗೆ ನೂರಕ್ಕೆ 1 ರೂಪಾಯಿ ಅಂತಿಟ್ಟುಕೋ. ಅವನ ಚಾಲಿ 5 ಕ್ವಿಂಟಾಲ್, ದರ ಲೆಕ್ಕಕ್ಕೆ ಸುಲಭವಾಗಲಿ ಅಂತ ಎರಡು ಸಲವೂ 40,000. ಎರಡು ತಿಂಗಳಾದ ಮೇಲೆ 1 ಕ್ವಿಂಟಾಲ್ ಮಾರಾಟವಾಯಿತು. ಬಂದ 40,000ದಲ್ಲಿ ಬಡ್ಡಿ 1,200 ಕಳೆದು, ಉಳಿದ 38,800 ಅಸಲಿಗೆ ಹೋಯಿತು. ಈಗ ಬಾಕಿ 21,200. ಮತ್ತೊಂದು ತಿಂಗಳಿಗೆ ಉಳಿದ 4 ಕ್ವಿಂಟಾಲ್ ಹೋಯಿತು, 1,60,000 ಬಂತು. ಬಡ್ಡಿ ಓಡಬೇಕಾದದ್ದು 21,200ರ ಮೇಲೆ ಮಾತ್ರ, ಅಂದರೆ 212. ಬೆಳೆಗಾರನ ಕೈಗೆ 1,38,588.

ಸಾಫ್ಟ್‌ವೇರ್ ಏನಾದರೂ ಪೂರ್ತಿ 60,000ಕ್ಕೆ ಮೂರು ತಿಂಗಳ ಬಡ್ಡಿ ಹಾಕಿದರೆ 1,800 ಆಗುತ್ತದೆ. ವ್ಯತ್ಯಾಸ 388 ರೂಪಾಯಿ. ಇಷ್ಟೇನಾ ಅನ್ನಬೇಡ. ಆ ಬೆಳೆಗಾರ ಲೆಕ್ಕದ ಪಟ್ಟಿ ಹಿಡಿದುಕೊಂಡು ವಖಾರಿಗೆ ಬಂದರೆ ಎದುರಿಗೆ ಕೂತು ಉತ್ತರ ಕೊಡಬೇಕಾದವರು ಗುಮಾಸ್ತರು. ಮುಂದಿನ ವರ್ಷ ಅವನ ಅಡಿಕೆ ಬೇರೆ ವಖಾರಿಗೆ ಹೋದರೆ ಬೈಸಿಕೊಳ್ಳುವವರೂ ಅವರೇ. ಅವರು ಬೇಡ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಕೆಲಸ ನಿಲ್ಲುತ್ತದೆ.

ಹಾಗಾಗಿ ಮೇಲ್ ಹೋಗುವುದು ಮಗನಿಗೆ, ಆದರೆ ಅದು ಗುಮಾಸ್ತರಿಗಾಗಿ ಬರೆದದ್ದಾಗಿರಬೇಕು. ಮಗ ಅದನ್ನು ಹಾಗೇ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡುವಂತಿರಲಿ. ಅದಕ್ಕೇ ಕನ್ನಡದಲ್ಲಿ ಬರೆ. ಇಡೀ ಕೈಪಿಡಿ ಲಗತ್ತಿಸಬೇಡ, ಒಂದೇ ಪುಟ ಸಾಕು. ನಾನಾದರೆ ಹೀಗೆ ಬರೆಯುತ್ತಿದ್ದೆ:

ವಿಷಯ: ಗುಮಾಸ್ತರು ಕೇಳಿದ್ದ ಮುಂಗಡದ ಬಡ್ಡಿ ಲೆಕ್ಕ

"ನಮಸ್ಕಾರ. ಡೆಮೊ ದಿನ ನಿಮ್ಮ ಗುಮಾಸ್ತರು, ಅಡಿಕೆ ಬೇರೆ ಬೇರೆ ಸಲ ಮಾರಾಟವಾದರೆ ಮುಂಗಡದ ಬಡ್ಡಿ ಹೇಗೆ ಅಂತ ಕೇಳಿದ್ದರು. ಅವತ್ತು ನಾನು ಅದನ್ನು ತೋರಿಸಲಿಲ್ಲ. 60,000 ಮುಂಗಡ, ಎರಡು ಸಲದ ಮಾರಾಟ ಇಟ್ಟುಕೊಂಡು ಲೆಕ್ಕ ಮಾಡಿ, ಬೆಳೆಗಾರರಿಗೆ ಕೊಡುವ ಪಟ್ಟಿಯನ್ನು ಒಂದು ಪುಟದಲ್ಲಿ ಲಗತ್ತಿಸಿದ್ದೇನೆ. ಬಂದ ಹಣ ಮೊದಲು ಬಡ್ಡಿಗೆ, ಆಮೇಲೆ ಅಸಲಿಗೆ ಹೋಗಿದೆ. ನಿಮ್ಮಲ್ಲಿ ಲೆಕ್ಕ ಹಿಡಿಯುವುದು ಹೀಗೇನಾ, ಅಥವಾ ಮೊದಲು ಅಸಲಿಗಾ? ಗುಮಾಸ್ತರನ್ನು ಕೇಳಿ ಒಂದು ಸಾಲು ತಿಳಿಸಿದರೆ ಸಾಕು. ಈ ಸೀಸನ್‌ಗೆ ಬೇಡ ಅಂತಿದ್ದರೆ ಹಾಗೇ ಹೇಳಿ, ಮಳೆಗಾಲದಲ್ಲಿ ಮಾತಾಡೋಣ."

ನೋಡು, ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಯಾರೂ ಖರೀದಿಯ ತೀರ್ಮಾನ ಮಾಡಬೇಕಾಗಿಲ್ಲ. "ಯಾವಾಗ ಶುರು ಮಾಡೋಣ" ಅಂತ ಕೇಳಿದರೆ ಮಗ ಅಪ್ಪನನ್ನು ಕೇಳಬೇಕು, ಅಪ್ಪ ಗುಮಾಸ್ತರನ್ನು. ಇದಾದರೆ ನೇರ ಗುಮಾಸ್ತರ ಹತ್ತಿರ ಹೋಗುತ್ತದೆ, ಅವರಿಗೆ ಚೆನ್ನಾಗಿ ಗೊತ್ತಿರುವ ವಿಷಯವೂ ಹೌದು. ಬೇಡ ಅನ್ನಲು ದಾರಿ ಬಿಟ್ಟದ್ದೂ ಬೇಕಂತಲೇ. ನಮ್ಮ ಕಡೆ ಮುಖದ ಮೇಲೆ ಇಲ್ಲ ಅನ್ನುವುದಕ್ಕೆ ಜನ ಸಂಕೋಚ ಪಡುತ್ತಾರೆ, ಅದಕ್ಕೇ ಫೋನ್ ಎತ್ತುವುದಿಲ್ಲ.

"ಮೂರನೇ ಮೇಲ್ ಆರು ಸಲ ತೆರೆದಿದ್ದಾರೆ, ಆಸಕ್ತಿ ಇದೆ" ಅಂತ ಬರೆದಿದ್ದೀಯಲ್ಲ, ಅದನ್ನು ನಂಬಬೇಡ. ಮೇಲ್‌ನೊಳಗೆ ಕಾಣದ ಹಾಗೆ ಒಂದು ಪುಟಾಣಿ ಚಿತ್ರ ಇರುತ್ತದೆ, ಅದು ಲೋಡ್ ಆದರೆ ತೆರೆದರು ಅಂತ ಲೆಕ್ಕ. 2021ರಿಂದ ಐಫೋನ್‌ನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ಸೆಟ್ಟಿಂಗ್ ಆನ್ ಇದ್ದರೆ, ಯಾರೂ ಓದದಿದ್ದರೂ ಆ್ಯಪಲ್ ತಾನೇ ಚಿತ್ರ ಲೋಡ್ ಮಾಡಿಬಿಡುತ್ತದೆ. ಆ ಹುಡುಗನ ಕೈಲಿದ್ದದ್ದು ಐಫೋನೇ. ಇನ್ನು ಚಿತ್ರ ತೋರಿಸಬೇಡ ಅಂತ ಇಟ್ಟವರು ಪೂರ್ತಿ ಓದಿದರೂ ನಿನಗೆ ಸೊನ್ನೆಯೇ ಕಾಣುತ್ತದೆ. "ನೀವು ನೋಡಿದ್ದು ಗೊತ್ತಾಯ್ತು" ಅಂತ ಮಾತ್ರ ಯಾವತ್ತೂ ಬರೆಯಬೇಡ, ಹಿಂದೆ ಬಿದ್ದಿದ್ದಾನೆ ಅನ್ನಿಸುತ್ತದೆ.

ಏಪ್ರಿಲ್ ಮೊದಲ ವಾರ ಕಳೆದ ಮೇಲೆ ಕಳಿಸು. ಒಂದು ವಾರ ನೋಡಿ ವಖಾರಿಯ ನಂಬರಿಗೆ ಫೋನ್ ಮಾಡು, ಟೆಂಡರ್ ಹೊತ್ತು ತಪ್ಪಿಸಿ. ಮಗನನ್ನು ಕೇಳಬೇಡ, ಗುಮಾಸ್ತರನ್ನೇ ಕೇಳು, ಪಟ್ಟಿ ಸರಿ ಇದೆಯಾ ಅಂತ. ಆಗಲೂ ಏನೂ ಬರದಿದ್ದರೆ ಮಳೆ ಶುರುವಾಗುವವರೆಗೆ ಅವರನ್ನು ಬಿಟ್ಟುಬಿಡು.

ಆದರೆ ಕಳಿಸುವ ಮೊದಲು ಈ ಲೆಕ್ಕವನ್ನು ನಿನ್ನ ಸಾಫ್ಟ್‌ವೇರ್‌ನಲ್ಲೇ ಹಾಕಿ ನೋಡು. 1,38,588 ಬರದೇ ಹೋದರೆ ಮೇಲ್ ತಡೆದಿಟ್ಟು ಮೊದಲು ನಿಮ್ಮ ಪ್ರೋಗ್ರಾಮರ್ ಹತ್ತಿರ ಮಾತಾಡು.

ಇಂತಿ ನಿನ್ನ ಗೆಳೆಯ