ಸೂತಕದ ಮನೆಯಿಂದ ನೋಟಿಸ್ ಮಾಫಿ ಕೇಳುವಾಗ

ಸದಸ್ಯರ ಗಮನಕ್ಕೆ. ಮನೆಯಲ್ಲಿ ಸಾವಾಯಿತೆಂದ ಮಾತ್ರಕ್ಕೆ ಬಾಡಿಗೆ ಕರಾರಿನ ಎರಡು ತಿಂಗಳ ನೋಟಿಸ್ ತಾನಾಗಿ ಬಿಟ್ಟುಹೋಗುವುದಿಲ್ಲ. ಅದನ್ನು ಬಿಡುವುದು ಮಾಲೀಕರ ಕೈಯಲ್ಲಿದೆ, ಹಾಗಾಗಿ ಪತ್ರದಲ್ಲಿ ಲೆಕ್ಕ ಸ್ಪಷ್ಟವಾಗಿರಲಿ.

ಕಾರವಾರದ ಕಾಜುಬಾಗದಲ್ಲಿ ಬಾಡಿಗೆ 9,000, ಮುಂಗಡ 50,000 ಅಂದುಕೊಳ್ಳಿ. ತಂದೆ ತೀರಿಕೊಂಡು ತಾಯಿ ಶಿರಸಿಯಲ್ಲಿ ಒಬ್ಬರೇ ಆಗಿದ್ದಾರೆ. ಜೂನ್ 5ಕ್ಕೆ ತಿಳಿಸಿ 20ಕ್ಕೆ ಮನೆ ಬಿಡುತ್ತೀರಿ. ನೋಟಿಸ್ ಆಗಸ್ಟ್ 5ರವರೆಗೆ. ಹಲವರು ಇಲ್ಲಿ 18,000 ಮಾಫಿ ಕೇಳಿ ಮಾಲೀಕರನ್ನು ಬೆಚ್ಚಿಬೀಳಿಸುತ್ತಾರೆ. ದಿನಕ್ಕೆ 300ರಂತೆ ಜೂನಿನ 10 ದಿನ, ಜುಲೈ ಪೂರ್ತಿ ತಿಂಗಳ 9,000, ಆಗಸ್ಟಿನ 5 ದಿನ ಸೇರಿ ನಿಜವಾಗಿ ಕೇಳಬೇಕಾದ್ದು 13,500 ಮಾತ್ರ. ಜೂನಿನ 20 ದಿನದ 6,000, ಕರಾರಿನಲ್ಲಿರುವ ಬಣ್ಣದ ಖರ್ಚು 9,000, ಹೆಸ್ಕಾಂ ಬಿಲ್ 640 ಮುರಿದುಕೊಂಡು 34,360 ವಾಪಸ್ ಕೊಡಿ ಎಂದು ನೀವೇ ಬರೆಯಿರಿ.

ಮರಣ ಪ್ರಮಾಣಪತ್ರ ಕೈಗೆ ಬಂದಿರದಿದ್ದರೆ ಪ್ರತಿ ಆಮೇಲೆ ಕೊಡುವುದಾಗಿ ಹೇಳಿದರಾಯಿತು. ಅದಕ್ಕಾಗಿ ಪತ್ರ ತಡಮಾಡಬೇಡಿ, ದಿನ ಎಣಿಕೆ ಪತ್ರ ತಲುಪಿದಲ್ಲಿಂದ.

ಮಾಲೀಕರು ಫೋನಿನಲ್ಲಿ ‘ಆಯ್ತು ಮಾರಾಯ, ಹೋಗಿ ಬಾ’ ಅಂದರೆ ಸಾಲದು. ಜಗಳ ಹುಟ್ಟುವುದೇ ಅಲ್ಲಿ: ಹೋಗಲು ಒಪ್ಪಿದ್ದೆ, ಬಾಡಿಗೆ ಬಿಟ್ಟಿಲ್ಲ ಎನ್ನುತ್ತಾರೆ. ‘ಜೂನ್ 20ರ ನಂತರದ ಬಾಡಿಗೆ ಬೇಡ’ ಎಂಬ ಒಂದು ಸಾಲು ವಾಟ್ಸಾಪಿನಲ್ಲಾದರೂ ಬರಲಿ. ಒಪ್ಪದಿದ್ದರೆ, ಹೊಸ ಬಾಡಿಗೆದಾರ ಬಂದ ದಿನಕ್ಕೆ ನಿಮ್ಮ ಬಾಡಿಗೆ ನಿಲ್ಲಲಿ ಎಂದು ಕೇಳಿ.

ಕೀಲಿ ಕೊಡುವ ದಿನ ಮೀಟರ್ ಮತ್ತು ಗೋಡೆಗಳ ಫೋಟೋ ತೆಗೆಯಿರಿ. ಮಳೆಗಾಲದಲ್ಲಿ ಮುಚ್ಚಿಟ್ಟ ಮನೆಗೆ ಹದಿನೈದೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಅದೂ ನಿಮ್ಮ ಲೆಕ್ಕಕ್ಕೆ ಬಿದ್ದೀತು.