ಆ ಶಟರ್ ಮೇಲೆ ಬರೆದವರು ಮೂರು ಮಂದಿ

ಪ್ರೀತಿಯ ತಮ್ಮ,

ನಿನ್ನ ಕಥೆ, ಜೊತೆಗಿದ್ದ ಫೋಟೋ, ಪತ್ರ ಮೂರೂ ತಲುಪಿದವು. ಪತ್ರಿಕೆಯವರು ಕಥೆ ವಾಪಸ್ ಕಳಿಸಿದರು, ಇನ್ನು ಬರೆಯೋದೇ ಬೇಡ ಅನ್ನಿಸಿದೆ ಅಂತ ಬರೆದಿದ್ದೀಯ. ಆ ಮಾತು ಬಿಡು. ಕಥೆ ಎಷ್ಟು ಉದ್ದ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಕೇಳಿದ್ದೀಯಲ್ಲ, ಅದಕ್ಕೂ ನಾನು ಉತ್ತರ ಕೊಡುವುದಿಲ್ಲ. ನನಗೆ ಸಿಟ್ಟು ಬಂದದ್ದು ನಿನ್ನ ಏಳನೇ ಪುಟಕ್ಕೆ.

ದುಬೈಯಲ್ಲಿ ನಿನ್ನ ಜೊತೆ ಕೆಲಸ ಮಾಡುವ ಸಿರಿಯಾದ ಗೆಳೆಯ ಆ ಫೋಟೋ ಕೊಟ್ಟ. 2025ರ ಜನವರಿಯಲ್ಲಿ ದರಾ ಪಟ್ಟಣಕ್ಕೆ ಹೋದಾಗ ತೆಗೆದದ್ದು. ಮುಚ್ಚಿದ ಅಂಗಡಿಯ ಶಟರ್, ಅದರ ತುಂಬ ಸ್ಪ್ರೇ ಬಣ್ಣದ ಬರಹ. ನೀನು ಅದನ್ನು 2011ರ ಫೆಬ್ರವರಿಗೆ, ಸಿರಿಯಾದಲ್ಲಿ ಅಸಾದ್ ಆಡಳಿತದ ವಿರುದ್ಧ ಜನ ಏಳುವ ಮುಂಚಿನ ದಿನಗಳಿಗೆ ಒಯ್ದೆ. ನಿನ್ನ ಕಥೆಯ ಹುಡುಗ ರಾತ್ರಿ ಕದ್ದು ಬಂದು ಅಲ್ಲಿ ಬರೆಯುತ್ತಾನೆ: 'ಸಿಂಹವಾಗು, ಇಲ್ಲವೇ ಈ ದೇಶವನ್ನು ಸುಡುತ್ತೇವೆ.' ಓದಿ ನಾನು ಕನ್ನಡಕ ತೆಗೆದಿಟ್ಟೆ.

ಕಪ್ಪು ಬಣ್ಣದಲ್ಲಿರುವ ಆ ಸಾಲು 'ಅಲ್ ಅಸದ್ ಅವ್ ನಹ್ರಿಕ್ ಅಲ್ ಬಲದ್'. ಅಸದ್ ಅಂದರೆ ಸಿಂಹ, ನಿಘಂಟು ಸುಳ್ಳು ಹೇಳಿಲ್ಲ. ಆದರೆ ಅದು ಆ ದೇಶವನ್ನು ಆಳುತ್ತಿದ್ದ ಮನೆತನದ ಹೆಸರು ಕೂಡ. 'ಅಸಾದ್ ಇರಬೇಕು, ಇಲ್ಲಾಂದ್ರೆ ಊರಿಗೇ ಬೆಂಕಿ' ಅಂತ ಅದರ ಅರ್ಥ. ಅದನ್ನು ಬರೆಯುತ್ತಿದ್ದವರು ಅಸಾದ್ ಕಡೆಯ ಸೈನಿಕರು, ಮತ್ತೆ ಅವರ ಜೊತೆಗಿದ್ದ ಪುಂಡರ ಪಡೆ. ಜನರು ಅವರನ್ನು ಶಬ್ಬೀಹಾ ಅಂತಾರೆ. ಒಂದು ಬಡಾವಣೆಯನ್ನು ಹಿಡಿದ ಮೇಲೆ ಗೋಡೆಗಳ ಮೇಲೆ ಈ ಸಾಲನ್ನು ಬಿಟ್ಟು ಹೋಗುತ್ತಿದ್ದರು. ಮುತ್ತಿಗೆ ಹಾಕಿದ ಕಡೆ 'ಮಂಡಿಯೂರಿ, ಇಲ್ಲವೇ ಹಸಿದು ಸಾಯಿರಿ' ಅಂತಲೂ ಬರೆದರು. ಆ ಹುಡುಗನನ್ನು ಹಿಡಿದು ಹೊಡೆದವರ ಮಾತನ್ನೇ ನೀನು ಅವನ ಕೈಯಲ್ಲಿ ಬರೆಸಿದ್ದೀಯ. ಕಥೆ ಅಲ್ವಾ ಅನ್ನಬೇಡ.

ಈಗ ಫೋಟೋವನ್ನು ದೊಡ್ಡದು ಮಾಡಿ ನೋಡು. ಕಪ್ಪು ಬಣ್ಣದ ಅಡಿಯಲ್ಲಿ ಮಾಸಿದ ಹಸಿರು ಬಣ್ಣದ ಎರಡು ಪದ ಇಣುಕುತ್ತಿವೆ: 'ಅಶ್ಶಅಬ್ ಯುರೀದ್', ಅಂದರೆ 'ಜನರು ಬಯಸುತ್ತಾರೆ'. ಮುಂದಿನದನ್ನು ಅಳಿಸಿದ್ದಾರೆ. ಆದರೆ ಆ ಕಾಲದ ಯಾವ ಅರಬ್ಬನಿಗೂ ಉಳಿದದ್ದು ಬಾಯಿಪಾಠ: 'ಈ ಆಡಳಿತ ಬೀಳಬೇಕು'. ಟುನೀಶಿಯಾದಲ್ಲಿ ಎದ್ದ ಘೋಷಣೆ ಅದು. ಈಜಿಪ್ಟಿಗೆ ಹೋಯಿತು, ಅಲ್ಲಿಂದ ಸಿರಿಯಾಕ್ಕೂ ಬಂತು. ಕಪ್ಪು ಬಣ್ಣ ಇಳಿದಿರುವುದು ಹಸಿರಿನ ಮೇಲೆ. ಹಾಗಾಗಿ ಜನರ ಸಾಲು ಮೊದಲು, ಸೈನಿಕರದು ಆಮೇಲೆ. ಸೈನ್ಯ ದರಾಕ್ಕೆ ಮುತ್ತಿಗೆ ಹಾಕಿದ್ದು 2011ರ ಏಪ್ರಿಲ್ ಕೊನೆಯಲ್ಲಿ. ಬಂಡುಕೋರರ ಕೈಯಲ್ಲಿದ್ದ ಭಾಗಗಳನ್ನು ಮತ್ತೆ ಹಿಡಿದದ್ದು 2018ರ ಜುಲೈಯಲ್ಲಿ. ಕಪ್ಪು ಸಾಲು ಇವೆರಡರಲ್ಲಿ ಯಾವಾಗಿನದು ಅಂತ ಫೋಟೋ ಒಂದೇ ಹೇಳುವುದಿಲ್ಲ. ಅಂಗಡಿಯವನಿಗೆ ಗೊತ್ತಿರುತ್ತದೆ. ನಿನ್ನ ಗೆಳೆಯನ ಮೂಲಕ ಕೇಳಿಸಬಹುದಿತ್ತು. ಕೇಳಿಸಿದೆಯಾ?

ಮೂರನೆಯದು ಬಲಗಡೆ ಮೂಲೆಯ ಧ್ವಜ. ಮೇಲೆ ಹಸಿರು, ನಡುವೆ ಬಿಳಿ, ಕೆಳಗೆ ಕಪ್ಪು, ಬಿಳಿಯಲ್ಲಿ ಮೂರು ಕೆಂಪು ನಕ್ಷತ್ರ. ಅಸಾದ್ ಕಾಲದ ಧ್ವಜದಲ್ಲಿ ಮೇಲಿನ ಪಟ್ಟಿ ಕೆಂಪು, ನಕ್ಷತ್ರ ಎರಡು, ಅವೂ ಹಸಿರು. 2011ರ ಮೊದಲ ತಿಂಗಳುಗಳಲ್ಲಿ ಬೀದಿಗಿಳಿದವರು ಆ ಎರಡು ನಕ್ಷತ್ರದ ಧ್ವಜವನ್ನೇ ಹಿಡಿದಿದ್ದರು. ಮೂರು ನಕ್ಷತ್ರದ್ದು ಎಲ್ಲೆಡೆ ಕಾಣಿಸಿಕೊಂಡದ್ದು ಆ ವರ್ಷದ ಕೊನೆಯ ಹೊತ್ತಿಗೆ. ಈ ಫೋಟೋದಲ್ಲಿ ಅದು ಕಪ್ಪು ಸಾಲಿನ ಮೇಲೆ ಹತ್ತಿ ಕೂತಿದೆ, ಬಣ್ಣವೂ ಹೊಸದು. ಅಸಾದ್ ಮಾಸ್ಕೋಗೆ ಓಡಿಹೋದದ್ದು 2024ರ ಡಿಸೆಂಬರ್ 8ರಂದು. ಅದಾದ ಮೇಲೆ ಯಾರೋ ಬರೆದಿರಬೇಕು. ಒಂದೇ ಶಟರ್ ಮೇಲೆ ಮೂರು ಕಾಲ, ಎರಡು ಕಡೆಯವರು. ನೀನು ಎಲ್ಲವನ್ನೂ ಕಲಸಿ ಒಬ್ಬ ಹುಡುಗನ ಒಂದು ರಾತ್ರಿ ಮಾಡಿಬಿಟ್ಟೆ.

ನಿಜವಾದ ಸಾಲು ಬೇಕಿದ್ದರೆ ದರಾದಲ್ಲೇ ಇತ್ತಲ್ಲ. ಟುನೀಶಿಯಾದ ಅಧ್ಯಕ್ಷ ಬೆನ್ ಅಲಿ 2011ರ ಜನವರಿಯಲ್ಲಿ ಓಡಿಹೋದ. ಫೆಬ್ರವರಿಯಲ್ಲಿ ಈಜಿಪ್ಟಿನ ಮುಬಾರಕ್ ಇಳಿದ. ಟಿವಿ ನೋಡುತ್ತಿದ್ದ ಹುಡುಗರು ಶಾಲೆಯ ಗೋಡೆ ಮೇಲೆ ಬರೆದರು: 'ಇಜಾಕ್ ಇದ್ದೋರ್ ಯಾ ದಕ್ತೋರ್', ಅಂದರೆ 'ನಿನ್ನ ಸರದಿ ಬಂತು, ಡಾಕ್ಟರ್'. ಡಾಕ್ಟರ್ ಅಂದರೆ ಬಶರ್ ಅಸಾದ್. ಲಂಡನ್ನಿನಲ್ಲಿ ಕಣ್ಣಿನ ವೈದ್ಯಕೀಯ ಕಲಿಯುತ್ತಿದ್ದವನು, ಅಣ್ಣ ಕಾರು ಅಪಘಾತದಲ್ಲಿ ಸತ್ತದ್ದರಿಂದ ಗದ್ದುಗೆಗೆ ಬಂದವನು. ಗೋಡೆಯ ಮಾತು ಪುಸ್ತಕದ ಅರಬ್ಬಿ ಅಲ್ಲ, ಬೀದಿಯದು, ಜೊತೆಗೆ ಪ್ರಾಸವೂ ಇದೆ. ಹುಡುಗರನ್ನು ಹಿಡಿದುಕೊಂಡು ಹೋಗಿ ಹಿಂಸೆ ಕೊಟ್ಟರು. ಮಾರ್ಚ್ 18ರಂದು ದರಾದ ಜನ ಬೀದಿಗಿಳಿದಾಗ ಗುಂಡು ಹಾರಿತು. ಆಮೇಲಿನ ಅಂತರ್ಯುದ್ಧ ನಿನಗೆ ಗೊತ್ತು.

ಇದನ್ನು ಕನ್ನಡಕ್ಕೆ ತರುವಾಗ ನಾನು 'ಮುಂದಿನ ಪಾಳಿ ನಿಂದೇ, ಡಾಕ್ಟ್ರೇ' ಅಂತ ಬರೆದಿದ್ದೆ. 'ನಿಂದೇ' ಅಂತ ಏಕವಚನದಲ್ಲಿ ಶುರು ಮಾಡಿ 'ಡಾಕ್ಟ್ರೇ' ಅಂತ ಮರ್ಯಾದೆಯಲ್ಲಿ ಮುಗಿಸಿದರೆ ಆ ಹುಡುಗರ ಕೀಟಲೆ ಸ್ವಲ್ಪವಾದರೂ ಉಳಿಯುತ್ತದೆ ಅನ್ನಿಸಿತ್ತು. ನಮ್ಮ ಸಂಪಾದಕರು ಅದನ್ನು 'ವೈದ್ಯ ಮಹಾಶಯರೇ, ಇದೀಗ ತಮ್ಮ ಸರದಿ' ಅಂತ ತಿದ್ದಿ ಅಚ್ಚು ಹಾಕಿಸಿದರು. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಹೈಸ್ಕೂಲು ಹುಡುಗರು ಪೇಂಟ್ ಡಬ್ಬಿ ಹಿಡಿದು 'ಮಹಾಶಯರೇ' ಅಂತಾರಾ? ನಿನ್ನ ಕಥೆಯಲ್ಲೂ ಅದೇ ವಾಸನೆ. ನಿನ್ನ ಹುಡುಗ ಬೀದಿಯಲ್ಲಿ ನಿಂತು ಅಧ್ಯಕ್ಷೀಯ ಭಾಷಣ ಮಾಡುತ್ತಾನೆ.

ಹಾಗಂತ ಬೈಗುಳವನ್ನೆಲ್ಲ ಮಂಗಳೂರಿನದೋ ಮಂಡ್ಯದ್ದೋ ಮಾಡಿ ತುರುಕಬೇಡ. ಓದುಗನಿಗೆ ಹುಡುಗ ದರಾ ಬಿಟ್ಟು ನಮ್ಮೂರ ಬಸ್ ಸ್ಟ್ಯಾಂಡಿಗೆ ಬಂದಂತಾಗುತ್ತದೆ. ಒಂದು ಪಂಗಡದ ಮೇಲೆ ವಿಷ ಕಾರುವ ಘೋಷಣೆಗಳೂ ಆ ಗೋಡೆಗಳ ಮೇಲಿವೆ, ಎರಡೂ ಕಡೆಯವು. ಅವನ್ನು ಸಿಹಿ ಮಾಡಿ ಬರೆಯಬೇಡ. ಯಾರು ಬರೆದರು ಅನ್ನುವುದನ್ನು ಅದೇ ಸಾಲಿನಲ್ಲಿ ಹೇಳು, ಇಲ್ಲದಿದ್ದರೆ ಅದು ನಿನ್ನ ಮಾತೇ ಆಗುತ್ತದೆ.

ಓದದೆ ಗೋಡೆ ತೋರಿಸಿ ಸಿಕ್ಕಿಬಿದ್ದವರಲ್ಲಿ ನೀನು ಮೊದಲಿಗನೇನಲ್ಲ. 2015ರಲ್ಲಿ ಅಮೆರಿಕದ 'ಹೋಮ್‌ಲ್ಯಾಂಡ್' ಧಾರಾವಾಹಿಯವರು ಬರ್ಲಿನ್‌ನಲ್ಲಿ ಸಿರಿಯಾ ನಿರಾಶ್ರಿತರ ಶಿಬಿರದ ಸೆಟ್ ಹಾಕಿದರು. 'ಅಸಲಿ' ಅರಬ್ಬಿ ಬರಹ ಬೇಕು ಅಂತ ಕಲಾವಿದರನ್ನು ಕರೆಸಿದರು. ಕಲಾವಿದರು 'ಹೋಮ್‌ಲ್ಯಾಂಡ್ ಜನಾಂಗದ್ವೇಷಿ' ಅಂತ ಬರೆದರು, 'ಹೋಮ್‌ಲ್ಯಾಂಡ್ ಕಲ್ಲಂಗಡಿ' ಅಂತಲೂ ಬರೆದರು. ಅಲ್ಲಿನ ಆಡುಮಾತಿನಲ್ಲಿ ಕಲ್ಲಂಗಡಿ ಅಂದರೆ ಬರೀ ಬೊಗಳೆ. ಸೆಟ್‌ನಲ್ಲಿ ಒಬ್ಬರೂ ಓದಲಿಲ್ಲ, ಹಾಗೇ ಪ್ರಸಾರವಾಯಿತು. ಆ ಸುದ್ದಿ ಓದಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ.

ನಿನ್ನ ಐದನೇ ಪುಟದ ತಾಯಿ ಮಾತ್ರ ಅಪ್ಪಟ ಚಿನ್ನ. ಹಿಟ್ಟು ನಾದುತ್ತಲೇ ಮಗನ ಬೆರಳಿನ ಬಣ್ಣ ನೋಡಿ ಏನೂ ಕೇಳದೆ ಸೀಮೆಎಣ್ಣೆ ಬಟ್ಟೆ ಮುಂದಿಡುತ್ತಾಳಲ್ಲ, ಅದನ್ನು ಮುಟ್ಟಬೇಡ. ಆ ಪುಟ ಬರೆದವನು ಏಳನೇ ಪುಟಕ್ಕೆ ಬರುವಷ್ಟರಲ್ಲಿ ಇಷ್ಟು ಸೋಮಾರಿ ಹೇಗಾದ ಅಂತಲೇ ನನಗೆ ಸಂಕಟ.

ಒಂದು ಕೆಲಸ ಮೊದಲು ಮಾಡು. ಕಥೆಯ ಜೊತೆ ಆ ಫೋಟೋವನ್ನೂ ಹಾಕಿಸುವ ಆಸೆ ನಿನಗಿದೆ. ಶಟರ್ ಮೇಲ್ಗಡೆ ಅಂಗಡಿಯ ಹೆಸರು, ಫೋನ್ ನಂಬರ್ ಎರಡೂ ಓದುವ ಹಾಗಿವೆ. ಕಪ್ಪು ಸಾಲಿನ ಕೆಳಗೆ ಬರೆದವನು ತನ್ನ ಹೆಸರನ್ನೂ ಗೀಚಿದ್ದಾನೆ. ಅಲ್ಲಿ ಹಳೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಅಸಾದ್ ಬಿದ್ದ ಮೇಲೂ ಸೇಡಿನ ಕೊಲೆಗಳು ನಡೆದಿವೆ. ಆ ಹೆಸರಿನವರು ಎಷ್ಟೋ ಮಂದಿ ಇರುತ್ತಾರೆ. ಹೆಸರು, ನಂಬರ್ ಎರಡನ್ನೂ ಕತ್ತರಿಸು. ಕಥೆಯಲ್ಲೂ ಬೀದಿಯ ಗುರುತು ಕೊಡಬೇಡ. 'ದರಾದ ಶಾಲೆಯ ಗೋಡೆ ಮೇಲೆ ಬರೆದವನು ನಾನೇ' ಅಂತ ಬೇರೆ ಬೇರೆ ಯುವಕರು ಬೇರೆ ಬೇರೆ ಮಾಧ್ಯಮಗಳಿಗೆ ಹೇಳಿದ್ದಾರೆ. ಅವರಲ್ಲಿ ಯಾರ ಹೆಸರನ್ನೂ ನಿನ್ನ ಹುಡುಗನಿಗೆ ಇಡಬೇಡ.

ಗೆಳೆಯನ ಒಪ್ಪಿಗೆ ಕೇಳಿದ್ದೀಯಾ ಅನ್ನುವುದನ್ನು ನೀನು ಬರೆದಿಲ್ಲ. ಕೇಳು. ಶಟರ್‌ನ ಎರಡೂ ಸಾಲನ್ನು ಅವನಿಂದಲೇ ಜೋರಾಗಿ ಓದಿಸಿಕೋ. ಆಮೇಲೆ ಏಳನೇ ಪುಟವನ್ನು ಹೊಸದಾಗಿ ಬರೆದು ಅದೊಂದನ್ನೇ ಕಳಿಸು.

ನಿನ್ನ ಅಣ್ಣ